ಕಾರ್ಡು ಜೇಬಿನಲ್ಲಿದೆ, ಹೆಸರು ಎಲ್ಲಿದೆ? ಮೊದಲ ಸಲ ಓಟು ಹಾಕುವವರಿಗೆ ಒಂದು ಬಹಿರಂಗ ಪತ್ರ

ಮೊದಲ ಸಲ ಓಟು ಹಾಕಲು ಹೊರಟವರೇ,

‘ಮಕ್ಕಳೇ’ ಅಂತ ಶುರು ಮಾಡಿದ್ದೆ. ನಿಮ್ಮ ವಯಸ್ಸಿನವರಿಗೆ ಪಾಠ ಹೇಳಿಯೇ ತಲೆ ಬೆಳ್ಳಗಾದವನು ನಾನು, ಅಭ್ಯಾಸ. ಆಮೇಲೆ ಹೊಡೆದುಹಾಕಿದೆ. ಇವತ್ತಿನಿಂದ ನೀವೂ ನಾನೂ ಒಂದೇ ಪಟ್ಟಿಯಲ್ಲಿ ಇರುವವರು. ಇರಬೇಕಾದವರು ಅನ್ನೋಣ. ನಿಜವಾಗಿ ಇದ್ದೀರಾ ಅಂತ ನೋಡಿಕೊಂಡಿರಾ? ಅದನ್ನು ಕೇಳೋಕೇ ಈ ಪತ್ರ.

ಮೇಷ್ಟ್ರ ಕೆಲಸಕ್ಕೆ ಚುನಾವಣೆ ಡ್ಯೂಟಿ ಅಂಟಿಕೊಂಡೇ ಬರುತ್ತದೆ. ನಾನು ಜಾಸ್ತಿ ಸಲ ಕೂತಿದ್ದು ಮೊದಲನೇ ಪೋಲಿಂಗ್ ಆಫೀಸರ್ ಕುರ್ಚಿಯಲ್ಲಿ. ಮತಗಟ್ಟೆಯ ಒಳಗೆ ಕಾಲಿಟ್ಟರೆ ಮೊದಲು ಸಿಗುವ ಟೇಬಲ್ ಅದು. ಅಲ್ಲಿ ಯಂತ್ರ ಇಲ್ಲ, ಶಾಯಿಯ ಬಾಟಲಿ ಇಲ್ಲ. ಒಂದು ಪಟ್ಟಿ, ಒಂದು ಸ್ಕೇಲು, ಒಂದು ಪೆನ್ನು. ನೀವು ಬಂದು ಚೀಟಿ ಕೊಡುತ್ತೀರಿ. ಆಫೀಸರು ಪಟ್ಟಿಯಲ್ಲಿ ನಿಮ್ಮ ಕ್ರಮ ಸಂಖ್ಯೆ ಹುಡುಕಿ, ಸಂಖ್ಯೆ ಮತ್ತು ಹೆಸರನ್ನು ಜೋರಾಗಿ ಓದುತ್ತಾರೆ. ಪಕ್ಕದಲ್ಲಿ ಕೂತ ಅಭ್ಯರ್ಥಿಗಳ ಏಜೆಂಟರು ತಮ್ಮ ತಮ್ಮ ಪ್ರತಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಗುರುತಿನ ದಾಖಲೆ ನೋಡಿದ ಮೇಲೆ ನಿಮ್ಮ ಹೆಸರಿನ ಮೇಲೆ ಗೆರೆ ಬೀಳುತ್ತದೆ. ಆ ಗೆರೆ ಬಿದ್ದ ಮೇಲೇ ಎಡಗೈ ತೋರುಬೆರಳಿಗೆ ಶಾಯಿ, ಆಮೇಲೆ ಯಂತ್ರ.

ಅಂದರೆ ಗೆರೆ ಎಳೆಯೋಕೆ ಅಲ್ಲಿ ಒಂದು ಹೆಸರು ಇರಬೇಕು. ಇಲ್ಲದಿದ್ದರೆ ನಿಮ್ಮ ಕೈಯಲ್ಲಿ ಎಂಥ ಕಾರ್ಡು ಇದ್ದರೂ ನಾವು ಏನೂ ಮಾಡುವ ಹಾಗಿಲ್ಲ. ಇದು ಆಫೀಸರ ಹಟ ಅಲ್ಲ. ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಆ ಕ್ಷೇತ್ರದಲ್ಲಿ ಓಟಿಲ್ಲ ಅಂತ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62ನೇ ಸೆಕ್ಷನ್ನು ನೇರವಾಗಿಯೇ ಹೇಳುತ್ತದೆ. ನಿಮ್ಮ ವೋಟರ್ ಐಡಿಯನ್ನೇ ತಿರುಗಿಸಿ ನೋಡಿ. ಹಿಂದುಗಡೆ ಸಣ್ಣ ಅಕ್ಷರದಲ್ಲಿ, ಈ ಕಾರ್ಡು ಇದ್ದ ಮಾತ್ರಕ್ಕೆ ಪಟ್ಟಿಯಲ್ಲಿ ನಿಮ್ಮ ಹೆಸರಿದೆ ಅಂತ ಅಲ್ಲ, ಪ್ರತಿ ಚುನಾವಣೆಗೂ ಮುಂಚೆ ನೋಡಿಕೊಳ್ಳಿ ಅನ್ನುವ ಸೂಚನೆ ಇರುತ್ತದೆ. ಯಾರೂ ಓದುವುದಿಲ್ಲ. ನಾನೂ ಎಷ್ಟೋ ವರ್ಷ ಓದಿರಲಿಲ್ಲ.

ಇದರ ಉಲ್ಟಾ ಮಾತೂ ಅಷ್ಟೇ ನಿಜ, ಮೊದಲ ಸಲದವರಿಗೆ ಅದೇ ಹೆಚ್ಚು ಬೇಕಾದದ್ದು. ಹೆಸರು ಪಟ್ಟಿಯಲ್ಲಿದೆ, ಆದರೆ ಕಾರ್ಡು ಇನ್ನೂ ಅಂಚೆಯಲ್ಲಿ ಬಂದಿಲ್ಲ. ಇಂಥವರು ಎಷ್ಟೋ ಜನ ಮನೆಯಲ್ಲೇ ಉಳಿದುಬಿಡುತ್ತಾರೆ. ಉಳಿಯಬೇಡಿ. ಆಧಾರ್, ಪ್ಯಾನ್ ಕಾರ್ಡು, ಡ್ರೈವಿಂಗ್ ಲೈಸೆನ್ಸು, ಪಾಸ್‌ಪೋರ್ಟು, ಫೋಟೋ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್ಕು, ನರೇಗಾ ಜಾಬ್ ಕಾರ್ಡು, ಅಂಗವಿಕಲರ ಯುಡಿಐಡಿ ಕಾರ್ಡು, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಕಾಲೇಜಿನ ಐಡಿ ಕಾರ್ಡು ಮಾತ್ರ ನಡೆಯುವುದಿಲ್ಲ. ಕೊರಳಲ್ಲಿ ಅದನ್ನೇ ನೇತುಹಾಕಿಕೊಂಡು ಬಂದು ವಾಪಸ್ ಹೋದವರನ್ನು ನೋಡಿದ್ದೇನೆ. ಮನೆಗೆ ಬಂದು ಕೊಟ್ಟ ಮತದಾರರ ಮಾಹಿತಿ ಚೀಟಿಯೂ ಗುರುತಿನ ದಾಖಲೆ ಅಲ್ಲ. ಅದು ನಿಮ್ಮ ಸಂಖ್ಯೆ ಹೇಳುತ್ತದೆ, ನೀವು ಯಾರು ಅಂತ ಹೇಳುವುದಿಲ್ಲ. ದಾಖಲೆ ಫೋನಿನಲ್ಲಿದೆ ಅಂತ ಹೊರಡಬೇಡಿ. ಫೋನನ್ನು ಒಳಗೆ ಬಿಡುವುದಿಲ್ಲ. ಕೈಯಲ್ಲಿ ಹಿಡಿಯುವ ಕಾರ್ಡೇ ಬೇಕು.

ಈಗ ಹುಡುಕುವ ಕೆಲಸ. ತಿಂಡಿ ಆಗುವಷ್ಟರಲ್ಲಿ ಮುಗಿಯುತ್ತದೆ. ಚುನಾವಣಾ ಆಯೋಗದ electoralsearch.eci.gov.in ತೆರೆಯಿರಿ. ಹುಡುಕಲು ಮೂರು ದಾರಿ ಇದೆ: ಕಾರ್ಡಿನ ಸಂಖ್ಯೆ ಹಾಕಿ, ಹೆಸರು ಊರಿನ ವಿವರ ಹಾಕಿ, ಅಥವಾ ಮೊಬೈಲ್ ನಂಬರ್ ಹಾಕಿ. ನನ್ನ ಮಾತು ಕೇಳಿದರೆ ಕಾರ್ಡಿನ ಸಂಖ್ಯೆಯಿಂದಲೇ ಹುಡುಕಿ. ಅದನ್ನು ಎಪಿಕ್ ನಂಬರ್ ಅನ್ನುತ್ತಾರೆ, ಮೂರು ಇಂಗ್ಲಿಷ್ ಅಕ್ಷರ, ಏಳು ಅಂಕಿ. ಹೆಸರಿಗೆ ಹತ್ತು ಕಾಗುಣಿತ ಇರಬಹುದು, ಆ ಸಂಖ್ಯೆಗೆ ಇಲ್ಲ.

ಕಾರ್ಡೇ ಬಂದಿಲ್ಲ ಅಂದರೆ ಹೆಸರಿನಿಂದ ಹುಡುಕಬೇಕು, ಅಲ್ಲಿ ಸ್ವಲ್ಪ ತಾಳ್ಮೆ ಬೇಕು. ನಮ್ಮ ಕಡೆಯ ಹೆಸರುಗಳಿಗೆ ಈ ಕಂಪ್ಯೂಟರ್ ಇನ್ನೂ ಒಗ್ಗಿಲ್ಲ ಅನ್ನಿಸುತ್ತದೆ. ನಮಗೆ ಇರುವುದು ಒಂದು ಹೆಸರು, ಒಂದೋ ಎರಡೋ ಇನಿಷಿಯಲ್. ಅರ್ಜಿ ತುಂಬಿದವರು ಇನಿಷಿಯಲ್ ಅನ್ನು ಒಂದು ಸಲ ಮುಂದೆ ಹಾಕಿರುತ್ತಾರೆ, ಒಂದು ಸಲ ಹಿಂದೆ. ಅಪ್ಪನ ಹೆಸರು ‘ಸಿದ್ದಯ್ಯ’ ಇದ್ದದ್ದು ‘ಸಿದ್ಧಯ್ಯ’ ಆಗಿರುತ್ತದೆ. ಒಂದು ಸಲ ಹುಡುಕಿ ಸಿಗಲಿಲ್ಲ ಅಂದ ತಕ್ಷಣ ಕೈಚೆಲ್ಲಬೇಡಿ. ಇನಿಷಿಯಲ್ ತೆಗೆದು ನೋಡಿ. ಅಪ್ಪನ ಹೆಸರನ್ನು ಬೇರೆ ಥರ ಬರೆದು ನೋಡಿ. ಅರ್ಜಿಯಲ್ಲಿ ಅಮ್ಮನ ಹೆಸರು ಕೊಟ್ಟಿದ್ದರೆ ಅದನ್ನು ಹಾಕಿ.

ಸಿಕ್ಕಿತು ಅಂದುಕೊಳ್ಳಿ. ಸ್ಕ್ರೀನ್‌ಶಾಟ್ ಹೊಡೆದು ಫೋನ್ ಜೇಬಿಗೆ ಹಾಕಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಒಂದು ಚೂರು ಕಾಗದದಲ್ಲಿ ಮೂರು ಸಂಗತಿ ಬರೆದುಕೊಳ್ಳಿ: ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆಯ ಹೆಸರು. ಭಾಗ ಅಂದರೆ ನಿಮ್ಮ ವಿಧಾನಸಭಾ ಕ್ಷೇತ್ರದ ಪಟ್ಟಿಯ ಒಂದು ತುಂಡು. ಒಂದು ತುಂಡಿಗೆ ಒಂದು ಮತಗಟ್ಟೆ. ಕ್ರಮ ಸಂಖ್ಯೆ ಅಂದರೆ ಆ ತುಂಡಿನಲ್ಲಿ ನೀವು ಎಷ್ಟನೆಯವರು ಅಂತ. ಈ ಎರಡು ಅಂಕಿ ಹೇಳಿದರೆ ಮೊದಲನೇ ಟೇಬಲ್ಲಿನವರು ಸೀದಾ ಆ ಪುಟಕ್ಕೇ ಹೋಗುತ್ತಾರೆ. ಬರೀ ಹೆಸರು ಹೇಳಿದರೆ ಸಾವಿರ ಹೆಸರಲ್ಲಿ ಹುಡುಕಬೇಕು, ಹಿಂದೆ ಸಾಲು ಗೊಣಗುತ್ತಿರುತ್ತದೆ.

ಮತದಾನದ ದಿನ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ನುಗ್ಗಿದರೆ ವೆಬ್‌ಸೈಟ್ ತಿರುಗುತ್ತಾ ಕೂರಬಹುದು. ಆಗ 1950 ಸಹಾಯವಾಣಿಗೆ ಫೋನ್ ಮಾಡಿ. ಅದೂ ಬ್ಯುಸಿ ಬಂದರೆ ಸುಮ್ನೆ ಮತಗಟ್ಟೆಗೇ ಹೊರಡಿ. ಹೊರಗಡೆ ಮತದಾರರ ಸಹಾಯ ಕೇಂದ್ರ ಅಂತ ಒಂದು ಟೇಬಲ್ ಇರುತ್ತದೆ, ಅಲ್ಲಿ ಬಿಎಲ್‌ಓ ಕೂತಿರುತ್ತಾರೆ. ಬಿಎಲ್‌ಓ ಅಂದರೆ ನಿಮ್ಮ ಬೂತಿನ ಪಟ್ಟಿ ನೋಡಿಕೊಳ್ಳುವವರು. ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆಯೋ ಶಾಲೆ ಮೇಷ್ಟ್ರೋ ಆಗಿರುತ್ತಾರೆ. ಅವರ ಹತ್ತಿರ ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸಿದ ಪಟ್ಟಿ ಇರುತ್ತದೆ, ನಮ್ಮ ಹತ್ತಿರ ಒಳಗೆ ಇರುವುದು ಮನೆ ಕ್ರಮದ ಪಟ್ಟಿ. ಹುಡುಕೋಕೆ ಅವರದ್ದೇ ಸುಲಭ. ದೂರದಲ್ಲಿ ಶಾಮಿಯಾನ ಹಾಕಿ ಕೂತ ಪಕ್ಷದವರೂ ಚೀಟಿ ಬರೆದುಕೊಡುತ್ತಾರೆ, ತೊಂದರೆ ಇಲ್ಲ. ಆದರೆ ಅವರು ‘ನಿಮ್ಮ ಹೆಸರಿಲ್ಲ’ ಅಂದರೆ ಅದನ್ನು ಕೊನೇ ಮಾತು ಅಂದುಕೊಂಡು ಮನೆಗೆ ಹೋಗಬೇಡಿ.

ಯಾಕೆ ಅಂತ ಹೇಳುತ್ತೇನೆ. ಈ ‘ಇಲ್ಲ’ ಅನ್ನುವುದರಲ್ಲಿ ಬೇರೆ ಬೇರೆ ಥರ ಇದೆ. ಕೆಲವು ‘ಇಲ್ಲ’ಗಳು ನಿಜವಾಗಿ ‘ಇದೆ’.

2023ರ ವಿಧಾನಸಭೆ ಚುನಾವಣೆಯಲ್ಲಿ ನಾನು ಒಂದು ಮತಗಟ್ಟೆಯ ಅಧ್ಯಕ್ಷಾಧಿಕಾರಿ. ಎಲ್ಲರ ಬಾಯಲ್ಲಿ ಅದು ಪಿ.ಆರ್.ಓ. ಬೆಳಿಗ್ಗೆ ಹತ್ತರ ಸುಮಾರಿಗೆ ಒಬ್ಬ ಹುಡುಗ ಬಂದ, ಅಮ್ಮನ ಜೊತೆ. ಹೊಸ ಕಾರ್ಡು, ಇನ್ನೂ ಕವರಿನಿಂದ ತೆಗೆದಿರಲಿಲ್ಲ. ಅಮ್ಮನ ಹೆಸರಿಗೆ ಗೆರೆ ಬಿತ್ತು. ಅವರ ಕೆಳಗೆ ಅಪ್ಪ, ಅದರ ಕೆಳಗೆ ಅಜ್ಜಿ, ಆಮೇಲೆ ಪಕ್ಕದ ಮನೆಯವರು. ಹುಡುಗ ಇಲ್ಲ. ‘ನಾವೆಲ್ಲ ಒಂದೇ ಮನೆಯವರು ಸಾರ್, ಇವನೊಬ್ಬನದ್ದು ಹೇಗೆ ಬಿಟ್ಟುಹೋಯ್ತು?’ ಅಂತ ಅಮ್ಮನಿಗೆ ಸಿಟ್ಟು ಬಂತು. ನಮ್ಮ ಮೊದಲನೇ ಆಫೀಸರಿಗೆ ಅದು ಮೊದಲ ಡ್ಯೂಟಿ. ಹಿಂದಿನ ಪುಟ ಮುಂದಿನ ಪುಟ ತಿರುವಿ ಅವರೂ ‘ಇಲ್ಲ ಸಾರ್’ ಅಂದರು.

ನಾನು ಪಟ್ಟಿ ಈಸಿಕೊಂಡು ಕೊನೆಗೆ ಹೋದೆ. ಅಲ್ಲಿದ್ದ. ಹೊಸದಾಗಿ ಸೇರಿದವರ ಹೆಸರುಗಳು ಸಾಮಾನ್ಯವಾಗಿ ಮನೆಯವರ ಪಕ್ಕ ಬಂದು ಕೂರುವುದಿಲ್ಲ. ಮೂಲ ಪಟ್ಟಿ ಮುಗಿದ ಮೇಲೆ ಪೂರಕ ಪಟ್ಟಿ ಅಂತ ಬರುತ್ತದೆ, ಸೇರ್ಪಡೆ, ತೆಗೆದುಹಾಕಿದವರು, ತಿದ್ದುಪಡಿ ಎಲ್ಲ ಅದರಲ್ಲಿ. ನಿಮ್ಮಂಥವರ ಹೆಸರು ಅಲ್ಲಿರುತ್ತದೆ. ಮುಂದೆ ಪಟ್ಟಿಯನ್ನು ಹೊಸದಾಗಿ ಜೋಡಿಸಿದಾಗ ಮನೆಯವರ ಜೊತೆ ಸೇರುತ್ತೀರಿ. ಅಲ್ಲಿಯವರೆಗೆ ಹೊಸ ಮದುವೆಯಾಗಿ ಬಂದ ಸೊಸೆಯೂ ಹದಿನೆಂಟರ ಹುಡುಗನೂ ಕೊನೇ ಪುಟದಲ್ಲಿ ಅಕ್ಕಪಕ್ಕ. ಪಕ್ಷದವರು ಮನೆ ಮನೆ ಲೆಕ್ಕದಲ್ಲಿ ಹುಡುಕಿ ‘ಇಲ್ಲ’ ಅನ್ನುವುದು ಇದಕ್ಕೇ. ಆದ್ದರಿಂದ ಒಳಗೆ ಯಾರಾದರೂ ಇಲ್ಲ ಅಂದರೆ, ಸಿಟ್ಟಾಗದೆ ಒಂದೇ ಮಾತು ಕೇಳಿ: ‘ಕೊನೆಯಲ್ಲಿ ಪೂರಕ ಪಟ್ಟಿ ನೋಡಿದಿರಾ ಸಾರ್?’

ಇನ್ನೊಂದು ‘ಇಲ್ಲ’ ಪಕ್ಕದ ಕೋಣೆಯದು. ಒಂದೇ ಶಾಲೆಯಲ್ಲಿ ಮೂರು ನಾಲ್ಕು ಮತಗಟ್ಟೆ ಇರುತ್ತವೆ. ಒಂದು ಭಾಗದಲ್ಲಿ ಮತದಾರರು ಜಾಸ್ತಿಯಾದರೆ ಅದನ್ನು ಒಡೆದು ಎರಡು ಮಾಡುತ್ತಾರೆ. ಅರ್ಜಿಯಲ್ಲಿ ನೀವು ಬರೆದ ವಿಳಾಸದ ರಸ್ತೆ ಬೇರೆ ಭಾಗಕ್ಕೆ ಸೇರಿರಬಹುದು. ಅಪ್ಪ ಅಮ್ಮ ಎಲ್ಲಿ ಓಟು ಹಾಕುತ್ತಾರೋ ಅಲ್ಲೇ ನಿಮ್ಮದೂ ಅಂತ ಸಾಲಲ್ಲಿ ನಿಂತು, ಒಂದು ಗಂಟೆ ಆದ ಮೇಲೆ ಗೊತ್ತಾಗುತ್ತದೆ. ಕಾಗದದಲ್ಲಿ ಭಾಗ ಸಂಖ್ಯೆ ಬರೆದುಕೊಂಡಿದ್ದರೆ ಬಾಗಿಲ ಮೇಲಿನ ಸಂಖ್ಯೆ ನೋಡಿಯೇ ತಿರುಗಬಹುದಿತ್ತು.

ಹೆಸರಿದೆ, ಕಾಗುಣಿತ ತಪ್ಪಿದೆ, ಅದಕ್ಕೂ ಹೆದರಬೇಡಿ. ಬರೀ ಅಚ್ಚಿನ ತಪ್ಪು, ಬರಹದ ತಪ್ಪು ಆಗಿದ್ದರೆ, ಈ ಮನುಷ್ಯ ಇವನೇ ಅಂತ ಪಿ.ಆರ್.ಓ.ಗೆ ಖಾತ್ರಿಯಾದರೆ ಆ ತಪ್ಪನ್ನು ಬದಿಗಿಡಬೇಕು ಅಂತಲೇ ನಿಯಮ ಇದೆ. ‘ನವ್ಯಾ’ ಹೋಗಿ ‘ನವ್ಯ’ ಆಗಿದೆ ಅಂತ ಓಟು ತಪ್ಪಿಸುವ ಹಾಗಿಲ್ಲ.

ಹಾಸ್ಟೆಲ್ಲಿನಿಂದ ಓಟಿಗೆ ಅಂತ ಊರಿಗೆ ಬಂದವರಿಗೆ ಒಂದು ಮಾತು. ಪಿ.ಆರ್.ಓ. ಹತ್ತಿರ ಎಎಸ್‌ಡಿ ಪಟ್ಟಿ ಅಂತ ಇನ್ನೊಂದು ಇರುತ್ತದೆ. ಮನೆಯಲ್ಲಿ ಸಿಗದವರು, ಬೇರೆ ಕಡೆ ಹೋದವರು, ತೀರಿಕೊಂಡವರು ಅಂತ ಬಿಎಲ್‌ಓ ಗುರುತು ಮಾಡಿದ ಹೆಸರುಗಳು ಅದರಲ್ಲಿ. ಅವರು ಮನೆಗೆ ಬಂದಾಗ ನೀವು ಹಾಸ್ಟೆಲ್ಲಿನಲ್ಲಿ ಇದ್ದಿರಿ, ಅಜ್ಜಿ ‘ಅವನು ಇಲ್ಲಿಲ್ಲ’ ಅಂದರು, ಮುಗಿಯಿತು. ಆ ಪಟ್ಟಿಯಲ್ಲಿ ಹೆಸರು ಬಂದರೆ ಓಟು ಹೋಯಿತು ಅಂತಲ್ಲ. ಮತದಾರರ ಪಟ್ಟಿಯಲ್ಲಿ ನೀವು ಇನ್ನೂ ಇದ್ದೀರಿ. ದಾಖಲೆಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡುತ್ತಾರೆ, ಸಹಿಯ ಜೊತೆಗೆ ಹೆಬ್ಬೆಟ್ಟೂ ಒತ್ತಿಸಿಕೊಳ್ಳುತ್ತಾರೆ. ಡಿಗ್ರಿ ಓದುತ್ತಿದ್ದ ಒಬ್ಬ ಹುಡುಗ ‘ನನಗೆ ಸಹಿ ಬರುತ್ತೆ ಸಾರ್, ಹೆಬ್ಬೆಟ್ಟು ಯಾಕೆ?’ ಅಂತ ಮುಖ ಕೆಂಪು ಮಾಡಿಕೊಂಡಿದ್ದ. ನಿನ್ನ ಹೆಸರಲ್ಲಿ ಬೇರೆ ಯಾರೂ ಹಾಕಬಾರದಲ್ಲಪ್ಪ, ಅದಕ್ಕೆ ಅಂದೆ. ಒತ್ತಿದ.

ನಿಮ್ಮ ಹೆಸರಲ್ಲಿ ಈಗಾಗಲೇ ಯಾರೋ ಹಾಕಿಹೋಗಿದ್ದರೆ? ಅಪರೂಪ, ಆದರೆ ಆಗುತ್ತದೆ. ಪಿ.ಆರ್.ಓ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು ನೀವೇ ನೀವು ಅಂತ ತೋರಿಸಿದರೆ ಟೆಂಡರ್ ಓಟು ಕೊಡುತ್ತಾರೆ. ಅದು ಯಂತ್ರದಲ್ಲಿ ಅಲ್ಲ, ಕಾಗದದ ಮತಪತ್ರದಲ್ಲಿ. ಅದನ್ನು ಬೇರೆ ಲಕೋಟೆಯಲ್ಲಿ ಇಡುತ್ತಾರೆ, ಮಾಮೂಲಿ ಎಣಿಕೆಗೆ ಅದು ಸೇರುವುದಿಲ್ಲ. ತಕರಾರು ಕೋರ್ಟಿಗೆ ಹೋದಾಗ ಬೇಕಾಗಬಹುದು ಅಷ್ಟೇ. ಇದನ್ನು ಮುಚ್ಚಿಟ್ಟು ‘ನಿಮ್ಮ ಓಟೂ ಲೆಕ್ಕಕ್ಕೆ ಬರುತ್ತೆ’ ಅಂತ ನಿಮ್ಮನ್ನು ಸಮಾಧಾನ ಮಾಡಲಾರೆ. ಬೇಗ ಹೋಗಿ ಅನ್ನುವುದು ಇದಕ್ಕೇ.

ಇನ್ನು ನಿಜವಾದ ‘ಇಲ್ಲ’. ಇದನ್ನು ಬರೆಯೋಕೆ ಬೇಜಾರು.

ಅದೇ ದಿನ ಮಧ್ಯಾಹ್ನ ಒಬ್ಬ ಹುಡುಗಿ ಬಂದಳು. ಆಧಾರ್ ಇತ್ತು. ಆನ್‌ಲೈನಿನಲ್ಲಿ ಫಾರ್ಮ್ 6 ಹಾಕಿದ್ದಳು, ಹೊಸದಾಗಿ ಸೇರುವವರು ಹಾಕಬೇಕಾದ ಅರ್ಜಿ ಅದೇ. ರೆಫರೆನ್ಸ್ ನಂಬರನ್ನು ಒಂದು ಚೀಟಿಯಲ್ಲಿ ಅಂದವಾಗಿ ಬರೆದುಕೊಂಡು ಬಂದಿದ್ದಳು. ಮೂಲ ಪಟ್ಟಿ, ಪೂರಕ ಪಟ್ಟಿ, ಪಕ್ಕದ ಕೋಣೆ, ಹೊರಗಿನ ಬಿಎಲ್‌ಓ, ಎಲ್ಲ ಆಯಿತು. ಎಲ್ಲೂ ಇಲ್ಲ. ಅರ್ಜಿ ಯಾವಾಗ ಹಾಕಿದೆಯಮ್ಮ ಅಂತ ಕೇಳಿದೆ. ‘ಏಪ್ರಿಲ್ 22ಕ್ಕೆ ಸಾರ್. ಮತದಾನಕ್ಕೆ ಇನ್ನೂ ಹದಿನೆಂಟು ದಿನ ಇತ್ತಲ್ವಾ?’

ಇತ್ತು. ಆದರೆ ಲೆಕ್ಕ ಮತದಾನದ ದಿನದಿಂದ ಅಲ್ಲ. ಆ ಸಲ ಮತದಾನ ಮೇ 10ಕ್ಕೆ, ನಾಮಪತ್ರ ಸಲ್ಲಿಸುವ ಕೊನೇ ದಿನ ಏಪ್ರಿಲ್ 20. ನಾಮಪತ್ರದ ಕೊನೇ ದಿನ ದಾಟಿದ ಮೇಲೆ ಚುನಾವಣೆ ಮುಗಿಯುವವರೆಗೆ ಪಟ್ಟಿಗೆ ಯಾರನ್ನೂ ಸೇರಿಸುವ ಹಾಗಿಲ್ಲ, ತೆಗೆಯುವ ಹಾಗೂ ಇಲ್ಲ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 23ನೇ ಸೆಕ್ಷನ್ನಿನಲ್ಲಿ ಇದೆ. ಅದಕ್ಕೂ ಮೊದಲು ಅರ್ಜಿಗೆ ಆಕ್ಷೇಪಣೆ ಇದ್ದರೆ ಹೇಳಲು ಏಳು ದಿನ ಬಿಡಬೇಕು, ಬಿಎಲ್‌ಓ ಮನೆಗೆ ಹೋಗಿ ನೋಡಿಬರಬೇಕು. ಹಾಗಾಗಿ ನಾಮಪತ್ರದ ಕೊನೇ ದಿನಕ್ಕಿಂತ ಹತ್ತು ದಿನವಾದರೂ ಮುಂಚೆ ಬಂದ ಅರ್ಜಿಗಳೇ ಆ ಚುನಾವಣೆಗೆ ಉಪಯೋಗಕ್ಕೆ ಬರುವುದು. ಅವಳ ಲೆಕ್ಕದಲ್ಲಿ ಹದಿನೆಂಟು ದಿನ ಬಾಕಿ ಇತ್ತು. ಕಾನೂನಿನ ಲೆಕ್ಕದಲ್ಲಿ ಬಾಗಿಲು ಮುಚ್ಚಿ ಎರಡು ದಿನ ಆಗಿತ್ತು. ವೆಬ್‌ಸೈಟು ಮಾತ್ರ ಅರ್ಜಿ ತೆಗೆದುಕೊಂಡು ನಂಬರ್ ಕೊಟ್ಟಿತ್ತು. ಅದು ಸುಳ್ಳು ನಂಬರ್ ಅಲ್ಲ, ಚುನಾವಣೆ ಮುಗಿದ ಮೇಲೆ ಆ ಅರ್ಜಿಗೆ ಜೀವ ಬರುತ್ತದೆ. ಆದರೆ ‘ಈ ಸಲಕ್ಕೆ ಆಗುವುದಿಲ್ಲ’ ಅಂತ ಅಲ್ಲೇ ದಪ್ಪ ಅಕ್ಷರದಲ್ಲಿ ಒಂದು ಸಾಲು ಇದ್ದಿದ್ದರೆ ಅವಳು ಬಿಸಿಲಲ್ಲಿ ಸಾಲು ನಿಲ್ಲುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಆಗ ಅವಳ ಜೊತೆ ಬಂದಿದ್ದ ಅಣ್ಣ ಶುರು ಮಾಡಿದ. ವಾಟ್ಸಾಪಿನಲ್ಲಿ ಬಂದಿದೆ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ ‘ಸೆಕ್ಷನ್ 49ಎ’ ಪ್ರಕಾರ ‘ಚಾಲೆಂಜ್ ವೋಟ್’ ಕೇಳಬಹುದು, ನೀವು ಕೊಡಲೇಬೇಕು. ಬೂತಿನಲ್ಲಿ 14 ಪರ್ಸೆಂಟಿಗಿಂತ ಜಾಸ್ತಿ ಟೆಂಡರ್ ಓಟು ಬಿದ್ದರೆ ಮರುಮತದಾನ. ಈ ಮೆಸೇಜು ನಿಮಗೂ ಬಂದಿರುತ್ತದೆ, ಇವತ್ತು ಬೆಳಿಗ್ಗೆಯೇ ಬಂದಿರಬಹುದು. ಪ್ರತಿ ಚುನಾವಣೆಗೂ ಬರುತ್ತದೆ.

ಇದು ಸುಳ್ಳು. ಚುನಾವಣಾ ಆಯೋಗವೂ ಅಲ್ಲ ಅಂತ ಹೇಳಿದೆ. ಚುನಾವಣಾ ನಿಯಮಗಳ ಪುಸ್ತಕದಲ್ಲಿ 49ಎ ಅಂತ ಒಂದು ನಿಯಮ ಇರುವುದು ನಿಜ. ಅದು ಮತಯಂತ್ರದ ವಿನ್ಯಾಸ ಹೇಗಿರಬೇಕು ಅಂತ ಹೇಳುತ್ತದೆ! ಟೆಂಡರ್ ಓಟಿನ ನಿಯಮ 49ಪಿ, ಅದರಲ್ಲಿ 14 ಪರ್ಸೆಂಟೂ ಇಲ್ಲ, ಮರುಮತದಾನವೂ ಇಲ್ಲ. ಚಾಲೆಂಜ್ ಅನ್ನುವುದೂ ಇದೆ, ಆದರೆ ಅದು ಮತದಾರ ಕೇಳುವುದಲ್ಲ. ಒಳಗೆ ಕೂತ ಏಜೆಂಟರಿಗೆ ‘ಇವನು ಆ ಮನುಷ್ಯ ಅಲ್ಲ’ ಅಂತ ಅನುಮಾನ ಬಂದರೆ, ಎರಡು ರೂಪಾಯಿ ಕಟ್ಟಿ ತಕರಾರು ಎತ್ತುತ್ತಾರೆ. ಪಿ.ಆರ್.ಓ. ಅಲ್ಲೇ ವಿಚಾರಣೆ ಮಾಡಿ ಬಿಡುವುದೋ ತಡೆಯುವುದೋ ತೀರ್ಮಾನ ಮಾಡುತ್ತಾರೆ. ಚಾಲೆಂಜ್ ಆಗಲಿ, ಟೆಂಡರ್ ಆಗಲಿ, ಎರಡಕ್ಕೂ ಮೊದಲು ಪಟ್ಟಿಯಲ್ಲಿ ಆ ಹೆಸರು ಇರಬೇಕು. ಹೆಸರೇ ಇಲ್ಲದವರಿಗೆ ಮತದಾನದ ದಿನ ಯಾವ ಸೆಕ್ಷನ್ನೂ ದಾರಿ ಕೊಡುವುದಿಲ್ಲ. ಈ ಮೆಸೇಜನ್ನು ಮುಂದಕ್ಕೆ ಕಳಿಸುವವರು ಒಳ್ಳೇ ಮನಸ್ಸಿನಿಂದಲೇ ಕಳಿಸುತ್ತಾರೆ. ಅದರಿಂದ ಆಗುವುದು ಮಾತ್ರ ಮತಗಟ್ಟೆಯ ಬಾಗಿಲಲ್ಲಿ ಅರ್ಧ ಗಂಟೆ ಜಗಳ. ಹಿಂದಿನ ನಲವತ್ತು ಜನ ಬಿಸಿಲಲ್ಲಿ ನಿಲ್ಲುತ್ತಾರೆ. ಮನೆಯ ಗ್ರೂಪಿನಲ್ಲಿ ಬಂದರೆ ಅಲ್ಲೇ ಉತ್ತರ ಬರೆಯಿರಿ. ಕಳಿಸಿದ್ದು ಚಿಕ್ಕಪ್ಪ ಆಗಿದ್ದರೂ ಸರಿ.

ಆ ಹುಡುಗಿ ಜಗಳ ಆಡಲಿಲ್ಲ. ‘ಹಾಗಾದ್ರೆ ಈಗ ನಾನೇನು ಮಾಡ್ಬೇಕು ಸಾರ್?’ ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಹೆಸರು ಸಿಗದಿದ್ದರೆ ಇವತ್ತೇ ರೆಫರೆನ್ಸ್ ನಂಬರ್ ಹಾಕಿ voters.eci.gov.in ನಲ್ಲಿ ಅರ್ಜಿ ಎಲ್ಲಿ ನಿಂತಿದೆ ಅಂತ ನೋಡಿ. ಇನ್ನೂ ತೀರ್ಮಾನ ಆಗಿಲ್ಲ ಅಂದರೆ ಚುನಾವಣೆ ಮುಗಿದ ಮೇಲೆ ಮುಂದುವರಿಯುತ್ತದೆ, ಆದರೆ ಬಿಎಲ್‌ಓ ನಂಬರ್ ಇಸ್ಕೊಂಡು ಒಂದು ಸಲ ಮಾತಾಡಿ. ತಿರಸ್ಕಾರ ಆಗಿದ್ದರೆ ಕಾರಣ ಕೇಳಿ. ನೋಡೋಕೆ ಬಂದಾಗ ಮನೆಗೆ ಬೀಗ ಇತ್ತು, ವಯಸ್ಸಿನ ದಾಖಲೆ ಓದೋಕೆ ಆಗಲಿಲ್ಲ, ಇಂಥವೇ ಇರುತ್ತವೆ. ಸರಿಮಾಡಿ ಹೊಸ ಫಾರ್ಮ್ 6 ಹಾಕಬಹುದು. ತಿರಸ್ಕಾರವೇ ತಪ್ಪು ಅನ್ನಿಸಿದರೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕುವ ಹಕ್ಕಿದೆ. ಮೊದಲೇ ಹೆಸರಿದ್ದು ವಿಳಾಸ ಬದಲಾಗಿದ್ದರೆ, ಇಲ್ಲವೇ ಕಾಗುಣಿತ ತಿದ್ದಬೇಕಾದರೆ ಫಾರ್ಮ್ 8. ಗೊತ್ತಿಲ್ಲದೆ ಎರಡನೇ ಸಲ ಫಾರ್ಮ್ 6 ಹಾಕಿ ಎರಡು ಕಡೆ ಹೆಸರು ಮಾಡಿಸಿಕೊಳ್ಳಬೇಡಿ, ಅದಕ್ಕೆ ಅವಕಾಶ ಇಲ್ಲ. ಅರ್ಜಿಯಲ್ಲಿ ಬೇರೆ ಕಡೆ ಹೆಸರಿಲ್ಲ ಅಂತ ಸುಳ್ಳು ಬರೆದುಕೊಟ್ಟರೆ ಒಂದು ವರ್ಷದವರೆಗೆ ಜೈಲು ಆಗಬಹುದು.

ಹುಟ್ಟುಹಬ್ಬದ ಲೆಕ್ಕವೂ ಒಂದಿದೆ. ‘ಹೋದ ತಿಂಗಳೇ ಹದಿನೆಂಟು ತುಂಬಿತು, ಆದರೂ ಹೆಸರಿಲ್ಲ’ ಅನ್ನುವವರು ಇರುತ್ತೀರಿ. ಹದಿನೆಂಟು ತುಂಬಿದೆಯಾ ಅಂತ ನೋಡುವುದು ನಾಲ್ಕು ತಾರೀಖಿಗೆ ಮಾತ್ರ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಮೊದಲು ಜನವರಿ 1 ಒಂದೇ ಇತ್ತು. ಜನವರಿ 2ಕ್ಕೆ ಹುಟ್ಟಿದವರು ಒಂದು ವರ್ಷ ಕಾಯಬೇಕಿತ್ತು. 2022ರಿಂದ ನಾಲ್ಕಾಗಿದೆ. 2023ರ ಮೇ ಚುನಾವಣೆಗೆ ಏಪ್ರಿಲ್ 1ರ ಹೊತ್ತಿಗೆ ಹದಿನೆಂಟು ತುಂಬಿದವರಿಗೆ ಅವಕಾಶ ಇತ್ತು, ಏಪ್ರಿಲ್ 5ಕ್ಕೆ ತುಂಬಿದವರಿಗೆ ಇರಲಿಲ್ಲ. ಹದಿನೇಳು ದಾಟಿದ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಅವರು ಈಗಲೇ ಮುಂಗಡವಾಗಿ ಅರ್ಜಿ ಹಾಕಿಡಬಹುದು, ಅವರ ತಾರೀಖು ಬಂದಾಗ ಅದನ್ನು ನೋಡುತ್ತಾರೆ.

ಇನ್ನೊಂದು ಮರೆತಿದ್ದೆ. ಪಂಚಾಯಿತಿ, ನಗರಸಭೆ ಚುನಾವಣೆಗಳನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅಲ್ಲಿ ಪಟ್ಟಿ ವಾರ್ಡಿನ ಲೆಕ್ಕದಲ್ಲಿ ಬೇರೆಯಾಗಿ ತಯಾರಾಗುತ್ತದೆ. ವಿಧಾನಸಭೆಗೆ ಇದ್ದ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಅಲ್ಲಿ ನಡೆಯುವುದಿಲ್ಲ.

ಸಂಜೆಯವರೆಗೆ ಕೆಲಸ ಇದೆ ಅನ್ನುವವರಿಗೆ: ಮುಗಿಯುವ ಹೊತ್ತಿಗೆ ಸಾಲಲ್ಲಿ ನಿಂತಿದ್ದರೆ ಸಾಕು. ಪಿ.ಆರ್.ಓ. ಸಾಲಿನ ಕೊನೆಯಿಂದ ಶುರು ಮಾಡಿ ಎಲ್ಲರಿಗೂ ಚೀಟಿ ಹಂಚುತ್ತಾರೆ, ಚೀಟಿ ಸಿಕ್ಕವರು ಎಷ್ಟು ಹೊತ್ತಾದರೂ ಓಟು ಹಾಕಬಹುದು. ಆದರೆ ಆ ಹೊತ್ತಿನಲ್ಲಿ ‘ನಿಮ್ಮದು ಇಲ್ಲಿ ಅಲ್ಲ, ಇನ್ನೊಂದು ಶಾಲೆ’ ಅಂದರೆ ಅಲ್ಲಿಗೆ ಓಡೋಕೆ ಸಮಯ ಇರುವುದಿಲ್ಲ. ಅದಕ್ಕೇ ಮೊದಲು ಹುಡುಕಿ, ಆಮೇಲೆ ಕೆಲಸಕ್ಕೆ ಹೋಗಿ.

ಪತ್ರ ಇಲ್ಲಿಗೆ ನಿಲ್ಲಿಸುತ್ತೇನೆ. ನಾನೂ ಹೊರಡಬೇಕು. ಇಷ್ಟೆಲ್ಲ ಬರೆದ ಮೇಲೆ ನನ್ನದನ್ನೂ ಒಂದು ಸಲ ನೋಡೋಣ ಅಂತ ನೋಡಿದೆ. ಹೋದ ಸಲ ನನ್ನ ಕ್ರಮ ಸಂಖ್ಯೆ 412. ಬಾಯಿಪಾಠ ಆಗಿತ್ತು, ಅದನ್ನೇ ಹೇಳಿಬಿಡುತ್ತಿದ್ದೆ. ಈ ಸಲ 437 ಆಗಿದೆ, ಕೋಣೆಯೂ ಬದಲಾಗಿದೆ. ಕ್ಯಾಲೆಂಡರ್ ಹಾಳೆ ಹರಿದು ಹಿಂದುಗಡೆ ಬರೆದುಕೊಂಡಿದ್ದೇನೆ.

ಇಂತಿ,
ನಿವೃತ್ತ ಮೇಷ್ಟ್ರು, ಮಾಜಿ ಪೋಲಿಂಗ್ ಆಫೀಸರು